ಐದು ವರ್ಷದ ಲೆಕ್ಕ ಹೇಳಿದ ದಿನ

ಇಂಡಿ ಪಟ್ಟಣದ ಸೋಲಾರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ, ಗಿರಾಕಿಗಳ ಮುಂದೆ ಆಡಬೇಕಾದ ಮಾತುಗಳನ್ನು ಮಾಲೀಕರು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಕರೆಂಟ್ ಬಿಲ್ ಸೊನ್ನೆ, ಸಬ್ಸಿಡಿ ಕೂಡಲೇ, ಕರೆಂಟ್ ಹೋಗುವ ಚಿಂತೆಯಿಲ್ಲ. ನಾನು ಬಾಯಿಪಾಠ ಮಾಡಿದ್ದೆ.

ವೈಶಾಖದ ಒಂದು ಮಧ್ಯಾಹ್ನ ಸೋಲಾರ್ ಬೇಕೆಂದು ವಿಚಾರಿಸಿದ್ದ ಅಗರಖೇಡ ಊರಿನ ನಿವೃತ್ತ ಶಿಕ್ಷಕಿಯೊಬ್ಬರ ಮನೆಗೆ ಹೋದೆ. ಒಳಕೋಣೆಯಲ್ಲಿ ಅವರ ಯಜಮಾನರು ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರು. ಪಕ್ಕದಲ್ಲಿ ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು.

"ಕರೆಂಟ್ ಹೋದ್ರೂ ಇದು ನಡೀಬೇಕು. ಅದಕ್ಕಽ ಸೋಲಾರ್ ಹಾಕಸ್ತೇನಿ. ನಡೀತೈತಲ್ಲೋ ತಮ್ಮಾ?" ಶಿಕ್ಷಕಿ ಕೇಳಿದರು.

ಹಾಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊರಗೆ ಗಾಳಿ ಎದ್ದು, ಕರೆಂಟ್ ಹೋಯಿತು. ಯಂತ್ರ ಚೀರತೊಡಗಿತು. ಶಿಕ್ಷಕಿ ಮೂಲೆಯ ಆಕ್ಸಿಜನ್ ಸಿಲಿಂಡರಿನತ್ತ ಓಡಿದರು. ಬಿಗಿಯಾಗಿದ್ದ ಅದರ ಕೀಲಿ ಅವರಿಂದ ತಿರುಗಲಿಲ್ಲ. ನಾನು ತಿರುಗಿಸಿದೆ, ಅವರು ನಳಿಕೆಯನ್ನು ಅದಕ್ಕೆ ಜೋಡಿಸಿದರು. ಯಜಮಾನರ ತುಟಿ ಆಗಲೇ ನೀಲಿಗಟ್ಟಿತ್ತು.

ಯಜಮಾನರು ಸುಧಾರಿಸಿದ ಮೇಲೆ ಶಿಕ್ಷಕಿಗೆ ಹೇಳಿದೆ: "ಇಲ್ರಿ ಅಕ್ಕೋರ, ನಡ್ಯಾಂಗಿಲ್ಲ. ಲೈನ್ ಹೋದ್ರ ಸೋಲಾರೂ ಬಂದ್ ಆಗ್ತೈತಿ, ಬಿಸಿಲು ಎಷ್ಟಽ ಇರ್ಲಿ. ಕಂಬದ ಮ್ಯಾಲಿನ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದಂತ ಹಂಗ ಮಾಡ್ಯಾರ. ನಿಮಗ ಮೊದಲ ಬೇಕಾಗಿದ್ದು ಇನ್ವರ್ಟರ್, ಬ್ಯಾಟರಿ."

"ಮತ್ತ ಸೋಲಾರ್ ಯಾತಕ್ಕ?"

"ಬಿಲ್ ಉಳಸಾಕ. ಈ ಮಷಿನ್ ಹಗಲೂ ರಾತ್ರಿ ನಡದು ನಿಮ್ಮ ಮನಿ ಇನ್ನೂರು ಯೂನಿಟ್ ದಾಟೇತಿ, ಸರ್ಕಾರದ ಪುಗಸಟ್ಟೆ ಕರೆಂಟ್ ತಪ್ಪೇತಿ. ಮೂರು ಕಿಲೋವ್ಯಾಟಿಗೆ ಎರಡು ಲಕ್ಷದ ಹತ್ರ ಖರ್ಚು. ಮೊದಲ ಸರ್ಕಾರದ ಪೋರ್ಟಲ್‌ನ್ಯಾಗ ಅರ್ಜಿ, ವಿದ್ಯುತ್ ಕಂಪನಿ ಒಪ್ಪಿಗಿ, ಆಮ್ಯಾಲ ಪ್ಯಾನೆಲ್, ಬಂದ ಕರೆಂಟ್ ಹೋದ ಕರೆಂಟ್ ಲೆಕ್ಕ ಇಡೋ ನೆಟ್ ಮೀಟರ್, ತಪಾಸಣಿ. ಎಲ್ಲಾ ಮುಗದ ಮ್ಯಾಲ ಸಬ್ಸಿಡಿ ಎಪ್ಪತ್ತೆಂಟು ಸಾವಿರ ನಿಮ್ಮ ಖಾತೆಗಽ ಬರ್ತೈತಿ. ಬಿಲ್ ಪೂರಾ ಸೊನ್ನೆ ಆಗಾಂಗಿಲ್ರಿ, ನಿಗದಿ ಶುಲ್ಕ ಇರ್ತೈತಿ. ಹಾಕಿದ ರೊಕ್ಕ ತಿರುಗಿ ಬರಾಕ ಐದು ವರ್ಷ ಬೇಕು. ಅದೂ ಈ ಮಷಿನ್ ಹಿಂಗಽ ನಡದ್ರ..."

ಒಳಗೆ ಸಿಲಿಂಡರಿನ ಸಣ್ಣ ಸುಯ್ ಶಬ್ದ.

"ನಡೀಲಿಲ್ಲಂದ್ರ ಬಿಲ್ ಮತ್ತ ಪುಗಸಟ್ಟೆ ಆಗ್ತೈತಿ," ಅವರೇ ಹೇಳಿದರು. "ಆವಾಗ ಸೋಲಾರಿಂದ ಉಳಿಯೋದು ಏನೂ ಇಲ್ಲ. ಹೌದಿಲ್ಲೋ?"

"ಹೌದ್ರಿ."

ಅವರು ಒಳಕೋಣೆಯತ್ತ ನೋಡಿದರು. "ಐದು ವರ್ಷ," ಅಂದರು. ಧ್ವನಿ ಏರಲಿಲ್ಲ. "ಡಾಕ್ಟರ್ ಇಷ್ಟು ಬಿಡಿಸಿ ಹೇಳಿರ್ಲಿಲ್ಲ ತಮ್ಮಾ."

ನಾನು ಹೇಳಿದ್ದು ಸೋಲಾರಿನ ಲೆಕ್ಕ, ಅವರು ಕೇಳಿಸಿಕೊಂಡದ್ದು ಯಜಮಾನರ ಆಯುಷ್ಯದ ಲೆಕ್ಕ.

ಮರುದಿನವೇ ಅವರು ಇನ್ವರ್ಟರ್ ಹಾಕಿಸಿಕೊಂಡರು, ಸೋಲಾರ್ ಬೇಡವೆಂದರು. ಮಾರಾಟ ತಪ್ಪಿಸಿದೆನೆಂದು ಮಾಲೀಕರು ನನ್ನನ್ನು ಸಿಂದಗಿಯ ಗೋದಾಮಿಗೆ ಹಾಕಿದರು. ಶ್ರಾವಣದಲ್ಲಿ ಶಿಕ್ಷಕಿಯ ಫೋನ್ ಬಂತು. ಆಕ್ಸಿಜನ್ ಯಂತ್ರಕ್ಕೆ ಇನ್ನು ಕೆಲಸವಿಲ್ಲ, ವಾಪಸ್ ಕೊಡಬೇಕಾಗಿದೆ, ಗಾಡಿ ಸಿಗುತ್ತದೆಯೇ ಎಂದು ಕೇಳಿದರು. ನಾನೇ ಗಾಡಿ ತೆಗೆದುಕೊಂಡು ಹೋದೆ.