ತಳದಿಂದ ದಂಡೆಯವರೆಗೆ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಇಳಕಲ್ಲಿನಿಂದ ಬಾಗಲಕೋಟೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಿದ್ಯಾಗಿರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಕೆಲಸ. ಪಾಠ ಹೇಳಿ ದಣಿದದ್ದಕ್ಕಿಂತ ಬಸ್ಸಿನಲ್ಲಿ ನಿಂತು ದಣಿದದ್ದೇ ಹೆಚ್ಚು. ಸಂಜೆ ಮನೆ ಸೇರುವಾಗ ನನ್ನ ಹೆಸರು ಕೇಳಿದರೂ ಯೋಚಿಸಿ ಹೇಳಬೇಕು, ಅಂಥ ಸುಸ್ತು.

ಆಗ ನನ್ನ ಪಾಲಿಗೆ ಬಂದದ್ದು ನ್ಯೂಮರಿಕಲ್ ಮೆಥಡ್ಸ್ ಲ್ಯಾಬ್. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು, ಗುಡಿಗೆ ಹೋದಂತೆ. ದೇವರು ಮಾತ್ರ ಕರೆಂಟು ಇದ್ದಾಗಷ್ಟೇ ದರ್ಶನ ಕೊಡುತ್ತಿದ್ದ. ಹೊರಗಿನಿಂದ ಯಾರೋ ಫ್ಲಾಪಿಯಲ್ಲಿ ತಂದುಕೊಟ್ಟ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರನ್ನು ನಾನೂ ಮಕ್ಕಳ ಜೊತೆಗೇ ಕಲಿತೆ.

ಆ ಬ್ಯಾಚಿನಲ್ಲಿ ಒಬ್ಬರು ನನಗಿಂತ ಹಿರಿಯರು. ಹುನಗುಂದದವರು, ಕಾಲುವೆ ಕೆಲಸದ ಓವರ್‌ಸಿಯರ್. ಡಿಪ್ಲೊಮಾ ಮಾಡಿ ವರ್ಷಾನುಗಟ್ಟಲೆ ದಂಡೆ ಮೇಲೆ ಬಿಸಿಲು ಉಂಡು, ಆಮೇಲೆ ಡಿಗ್ರಿ ಮಾಡಲು ರಜೆ ಹಾಕಿ ಬಂದವರು. ಡಿಗ್ರಿ ಇಲ್ಲದೆ ಬಡ್ತಿ ಇಲ್ಲ. ಎಲ್ಲ ಪಾಸಾಗಿ ನನ್ನ ಲ್ಯಾಬ್ ಒಂದೇ ಉಳಿದಿತ್ತು. ಅದರಲ್ಲಿ ಒಮ್ಮೆ ಫೇಲಾಗಿದ್ದರು, ರಜೆಯೂ ಮುಗಿಯುತ್ತ ಬಂದಿತ್ತು. ಈ ಸಲವೂ ಹೋದರೆ ಇನ್ನೊಂದು ಟರ್ಮ್ ನನ್ನ ಲ್ಯಾಬಿಗೇ ಬರಬೇಕು, ಅದಕ್ಕೆ ಆಫೀಸಿನವರ ಕೈಕಾಲು ಹಿಡಿದು ಸಂಬಳವಿಲ್ಲದ ರಜೆ ಪಡೆಯಬೇಕು.

ಸಂಜೆ ಇಬ್ಬರದೂ ಒಂದೇ ಬಸ್ಸು. ಬಸ್ಸು ಸ್ಟ್ಯಾಂಡಿಗೆ ಬರುತ್ತಲೇ ಅವರು ಕಿಟಕಿಯಿಂದ ಒಳಗೆ ಟವೆಲ್ ಎಸೆದು ನನಗೊಂದು ಜಾಗ ಹಿಡಿಯುತ್ತಿದ್ದರು. ಎಷ್ಟೋ ದಿನ ತಾವು ನಿಂತೇ ಬರುತ್ತಿದ್ದರು. ಆ ಟವೆಲ್ ಇಲ್ಲದಿದ್ದರೆ ನಾನು ನೌಕರಿ ಬಿಡುತ್ತಿದ್ದೆನೋ ಏನೋ.

ಹಿಂದಿನ ಸಲ ಅವರು ಫೇಲಾದದ್ದು ಬೈಸೆಕ್ಷನ್ನಿನಲ್ಲಿ. ಪದ್ಧತಿ ಸರಳ. ಒಂದು ತುದಿಯಲ್ಲಿ ಸಮೀಕರಣದ ಬೆಲೆ ಪ್ಲಸ್, ಇನ್ನೊಂದು ತುದಿಯಲ್ಲಿ ಮೈನಸ್ ಇದ್ದರೆ ನಡುವೆ ಎಲ್ಲೋ ಸೊನ್ನೆ ಇರಲೇಬೇಕು. ನಡುಬಿಂದು ಹಿಡಿದು, ಚಿಹ್ನೆ ಬದಲಾಗುವ ಅರ್ಧವನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತ ಹೋದರೆ ಆ ಸೊನ್ನೆಯ ಜಾಗ, ಅಂದರೆ ಸಮೀಕರಣದ ಮೂಲ, ಸಿಗುತ್ತದೆ. ಅವರು ಆವತ್ತು ತುದಿಗಳನ್ನು ಪರೀಕ್ಷಿಸಿರಲಿಲ್ಲ. ನಡುವೆ ಸೊನ್ನೆಯೇ ಇಲ್ಲದ ಅಂತರ ಕೊಟ್ಟಿದ್ದರು. ಪ್ರೋಗ್ರಾಮು ಪಾಪ, ತಕರಾರಿಲ್ಲದೆ ಅರ್ಧ ಅರ್ಧ ಮಾಡುತ್ತ ಹೋಗಿ ಬಲತುದಿಯನ್ನೇ ಉತ್ತರವೆಂದು ಒಪ್ಪಿಸಿತ್ತು. ಅದನ್ನೇ ಬರೆದಿದ್ದರು.

ಅದಕ್ಕೇ ಈ ಸಲ ಇಡೀ ಟರ್ಮ್ ಅವರ ತಲೆ ತಿಂದಿದ್ದೆ. ಮೊದಲು ಎರಡೂ ತುದಿಯ ಬೆಲೆ ಗುಣಿಸಿ ನೋಡಿ, ಗುಣಲಬ್ಧ ಮೈನಸ್ ಬರದಿದ್ದರೆ ಅಲ್ಲೇ ನಿಲ್ಲಿಸಿ ಎಂದು. ಅವರು ಆ ಸಾಲು ಸೇರಿಸಿದರು. ಗುಣಲಬ್ಧ ಪ್ಲಸ್ ಬಂದರೆ ‘ಮೂಲವಿಲ್ಲ’ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುವಂತೆ ಮಾಡಿದರು. ನಾನೂ ಅದನ್ನು ನೋಡಿ ತಲೆಯಾಡಿಸಿದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ಅವಸರವೋ ಅವಸರ. ಜೀಪಿನಲ್ಲಿ ಹೆಂಡತಿ ಮಕ್ಕಳನ್ನು ಕರೆತಂದಿದ್ದರು, ಬಿಸಿಲು ಇಳಿಯುವುದರೊಳಗೆ ಬಾದಾಮಿಯ ಗುಹೆ ತೋರಿಸಬೇಕಿತ್ತು. ಓವರ್‌ಸಿಯರಿಗೆ ಬಂದ ಚೀಟಿಯಲ್ಲಿ ಕಾಲುವೆಯದೇ ಲೆಕ್ಕ. ನೀರಿನ ಒಟ್ಟು ಶಕ್ತಿ ಎರಡು ಮೀಟರು (ಕಾಲುವೆಯವರು ಶಕ್ತಿಯನ್ನೂ ಎತ್ತರದಲ್ಲೇ ಅಳೆಯುತ್ತಾರೆ), ಆಳ ಕಂಡುಹಿಡಿಯಿರಿ. ಆಳದ ಘನದಿಂದ ಆಳದ ವರ್ಗದ ಎರಡು ಪಟ್ಟು ಕಳೆದು ಅರ್ಧ ಕೂಡಿಸಿದರೆ ಸೊನ್ನೆ ಬರಬೇಕು. ಅವರ ಮುಖ ಅರಳಿತು. ನನಗೂ ಉಸಿರು ಬಂದಂತಾಯಿತು.

ಅಲ್ಲೇ ಎಡವಟ್ಟಾಯಿತು. ಕಾಲುವೆ ಕಂಡವರಲ್ಲವೇ, ತಳದಿಂದ ದಂಡೆಯವರೆಗೆ ಇಡೀ ಕಾಲುವೆಯನ್ನೇ ಅಂತರವಾಗಿ ಕೊಟ್ಟರು: ಸೊನ್ನೆ ಪಾಯಿಂಟ್ ಒಂದರಿಂದ ಎರಡು. ಪ್ರೋಗ್ರಾಮು ತುದಿಗಳನ್ನು ನೋಡಿತು. ಎರಡೂ ಕಡೆ ಪ್ಲಸ್. ಪರದೆಯ ಮೇಲೆ ‘ಮೂಲವಿಲ್ಲ’ ಎಂದು ಬಂತು.

ಅವರು ಮತ್ತೆ ಓಡಿಸಿದರು. ಮತ್ತೆ ಅದೇ. ಪರೀಕ್ಷಕರು ಹಿಂದೆ ಬಂದು ನಿಂತರು.

“ಏನ್ರಿ, ಮೂಲ ಇಲ್ಲಂತ ಬರಕೊಳ್ಳೋಣೇನು?”

“ಇಲ್ರಿ ಸರ್, ಕಾಲುವ್ಯಾಗ ನೀರ ಹರಿಯಾಕತ್ತೇತಿ ಅಂದ ಮ್ಯಾಲ ಆಳ ಇರಾಕಬೇಕಲ್ರಿ.”

“ಹಂಗಾದ್ರ ತೋರಸ್ರಿ. ಭಾಳ ಹೊತ್ತಿಲ್ಲ ನನಗ.”

ನಾನು ಬಾಯಿ ತೆರೆಯುವಂತಿರಲಿಲ್ಲ. ಒಳಗೊಳಗೇ ಉರಿದುಹೋದೆ. ನಾನು ಹೇಳಿಕೊಟ್ಟ ಸಾಲೇ ಅವರ ಕಾಲಿಗೆ ತೊಡರಿಕೊಂಡಿತ್ತು. ಚಿಹ್ನೆ ಒಂದೇ ಇದ್ದರೆ ನಡುವೆ ಮೂಲವಿಲ್ಲ ಎಂದಲ್ಲ, ಎರಡು ಮೂಲಗಳೂ ಇರಬಹುದು. ಒಮ್ಮೆ ಸೊನ್ನೆ ದಾಟಿ ಕೆಳಗಿಳಿದು, ಇನ್ನೊಮ್ಮೆ ದಾಟಿ ಮೇಲೆ ಬಂದಿರಬಹುದು. ಇಷ್ಟು ಹೇಳಿದರೆ ಸಾಕಿತ್ತು. ಹೇಳುವಂತಿರಲಿಲ್ಲ.

ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟು ಕೂತರು. ಕರೆಂಟು ಹೋದರೆ ಎಲ್ಲ ಮುಗಿಯಿತು ಎಂದು ನಾನು ಬಲ್ಬು ನೋಡುತ್ತ ನಿಂತೆ. ಆಮೇಲೆ ಅವರು ಒಂದೊಂದೇ ಬೆರಳಿನಿಂದ ಬಡಿಯತೊಡಗಿದರು. ಸೊನ್ನೆ ಪಾಯಿಂಟ್ ಎರಡರಿಂದ ಅಷ್ಟಷ್ಟೇ ಏರಿಸುತ್ತ ಎರಡರವರೆಗಿನ ಆಳಗಳು, ಎಲ್ಲಕ್ಕೂ ಒಮ್ಮೆಲೇ ಸಮೀಕರಣದ ಬೆಲೆ. ಘಾತದ ಚಿಹ್ನೆಗಿಂತ ಮೊದಲು ಹಾಕಬೇಕಾದ ಚುಕ್ಕೆ ಮರೆತರು. ಮ್ಯಾಟ್‌ಲ್ಯಾಬ್ ಗದರಿತು. ಚುಕ್ಕೆ ಹಾಕಿದರು.

ಅಂಕಿಗಳು ಸಾಲಾಗಿ ಬಂದವು. ಪ್ಲಸ್, ಪ್ಲಸ್, ಆಮೇಲೆ ಬರೀ ಮೈನಸ್, ಕೊನೆಯದು ಮಾತ್ರ ಮತ್ತೆ ಪ್ಲಸ್. ಅವರ ಬೆರಳು ಪರದೆಯ ಮೇಲೆ ಎರಡು ಕಡೆ ನಿಂತಿತು.

“ಸರ್, ಎರಡ ಅದಾವ್ರಿ!”

ಪಾಯಿಂಟ್ ನಾಲ್ಕರಿಂದ ಪಾಯಿಂಟ್ ಆರು ಕೊಟ್ಟು ಓಡಿಸಿದರು. ಆಳ ಸುಮಾರು ಅರವತ್ತು ಸೆಂಟಿಮೀಟರು. ಒಂದು ಪಾಯಿಂಟ್ ಎಂಟರಿಂದ ಎರಡು ಕೊಟ್ಟರು. ಸುಮಾರು ನೂರಾ ಎಂಬತ್ತೈದು. ಒಂದೇ ಶಕ್ತಿಗೆ ತೆಳ್ಳಗೆ ಜೋರಾಗಿ ಹರಿಯುವ ನೀರು ಒಂದು, ತುಂಬಿ ನಿಧಾನಕ್ಕೆ ಹರಿಯುವುದು ಇನ್ನೊಂದು.

ಪರೀಕ್ಷಕರು ಗಡಿಯಾರ ನೋಡುವುದನ್ನು ಬಿಟ್ಟು ಕುರ್ಚಿ ಎಳೆದು ಕೂತರು. “ಈಗ ಇಟರೇಶನ್ ಮಾಡ್ರಿ. ಅರ್ಧಾನ್ನ ಆಳದ ವರ್ಗದಿಂದ ಭಾಗಿಸಿ ಎರಡರಾಗ ಕಳೀರಿ, ಬಂದದ್ದನ್ನ ಮತ್ತ ಅದರಾಗ ಹಾಕ್ರಿ. ಪಾಯಿಂಟ್ ಆರರಿಂದ ಸುರು ಮಾಡ್ರಿ.”

ತೆಳ್ಳನೆಯ ಮೂಲದ ಪಕ್ಕದಲ್ಲೇ ಸುರುವಾದ ಅಂಕಿ ಅಲ್ಲಿ ನಿಲ್ಲಲಿಲ್ಲ. ಮೊದಲು ಮೆಲ್ಲಗೆ, ಆಮೇಲೆ ದಾಪುಗಾಲು ಹಾಕುತ್ತ ಮೇಲೇರಿ ಹೋಗಿ ಒಂದು ಪಾಯಿಂಟ್ ಎಂಟು ಐದರ ಹತ್ತಿರ ತಣ್ಣಗೆ ಕೂತಿತು.

“ಯಾಕ ಹಿಂಗ?”

“ಇಳಿಜಾರಿನ ಸಲುವಾಗಿ ಸರ್. ಇಲ್ಲಿ ಈ ಸೂತ್ರದ ಇಳಿಜಾರು ಒಂದಕ್ಕಿಂತ ಭಾಳ ಜಾಸ್ತಿ, ತಪ್ಪು ಬೆಳಕೋತ ಹೋಗ್ತೇತಿ. ಮ್ಯಾಲಿನ ಮೂಲದಾಗ ಒಂದಕ್ಕಿಂತ ಕಡಿಮಿ, ಅಲ್ಲಿ ತಪ್ಪು ಕರಗತೇತಿ.”

ಎದ್ದು ಹೋಗುವ ಮುನ್ನ ಓವರ್‌ಸಿಯರ್ ಯಾರೂ ಕೇಳದೆಯೇ ಒಂದು ಕೆಲಸ ಮಾಡಿದರು. ಪ್ರೋಗ್ರಾಮು ತೆರೆದು ‘ಮೂಲವಿಲ್ಲ’ ಎಂಬುದನ್ನು ಅಳಿಸಿ ‘ಚಿಹ್ನೆ ಒಂದೇ ಇದೆ, ಅಂತರ ಬದಲಿಸಿ ನೋಡಿ’ ಎಂಬರ್ಥದ ಸಾಲು ಬರೆದು ಉಳಿಸಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ಹೊರಟರು. ಪರೀಕ್ಷಕರೂ ನಾನೂ ಅಂಕ ಬರೆದು ಲಕೋಟೆಗೆ ಅರಗು ಹಾಕಿದೆವು. ಫಲಿತಾಂಶ ಯುನಿವರ್ಸಿಟಿಯಿಂದ ಬರುವವರೆಗೆ ಬಾಯಿ ಬಿಡಬಾರದೆಂಬುದು ನಿಯಮ.

ಸಂಜೆ ಬಸ್ಸಿನಲ್ಲಿ ಟವೆಲ್ ಇತ್ತು, ನನಗೆ ಜಾಗವೂ ಇತ್ತು. ಅಂದು ಅವರಿಗೂ ಪಕ್ಕದಲ್ಲೇ ಸೀಟು ಸಿಕ್ಕಿತ್ತು. ಅಮೀನಗಡ ದಾಟಿದರೂ ಅವರು ಏನೂ ಕೇಳಲಿಲ್ಲ. ಕೇಳಬಾರದೆಂದು ಗೊತ್ತಿದ್ದ ಮನುಷ್ಯ. ಕಿಟಕಿಯಾಚೆ ನೋಡುತ್ತ ಟವೆಲಿನ ಅಂಚು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಹುನಗುಂದ ಸ್ಟ್ಯಾಂಡಿನಲ್ಲಿ ಅವರು ಇಳಿಯಲು ಎದ್ದಾಗ ಹೇಳಿದೆ.

“ಮುಂದಿನ ಟರ್ಮಿಗೆ ನನಗ ಜಾಗಾ ಹಿಡಿಯೋರು ಯಾರೂ ಇಲ್ಲ ನೋಡ್ರಿ. ನಿಂತ ಬರಬೇಕು ನಾ.”

ಅವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಕಂಡಕ್ಟರ್ “ಇಳೀರಿ, ಇಳೀರಿ” ಎಂದು ಗದರಿದ. ಇವರು ತಿರುಗಿ ಬಂದು ಆ ಟವೆಲನ್ನು ನನ್ನ ಮಡಿಲಲ್ಲಿಟ್ಟು ಇಳಿದು ಹೋದರು.