ನೂಲಿಗಿಟ್ಟ ಕುಂಕುಮ

ನಾನು ಹುಟ್ಟಿದ್ದು ನಲವತ್ತರ ದಶಕದ ಆರಂಭದಲ್ಲಿ, ಯುದ್ಧದ ನೆಪದಲ್ಲಿ ನೂಲಿಗೂ ಕಂಟ್ರೋಲು ಬಂದಿದ್ದ ಕಾಲದಲ್ಲಿ. ದೊಡ್ಡಬಳ್ಳಾಪುರದ ನಮ್ಮ ಕೇರಿಗೆ ನೂಲು ಬರುವುದೇ ಅಪರೂಪ. ಬಂದ ದಿನ ಅಮ್ಮ ನೂಲಿನ ಕಟ್ಟಿಗೆ ಕುಂಕುಮವಿಟ್ಟು, ಕೈಮುಗಿದು, ಆಮೇಲೆ ಬಿಚ್ಚುತ್ತಿದ್ದಳು. ಈ ಪದ್ಧತಿ ಕೇರಿಯಲ್ಲಿ ಉಳಿದುಕೊಂಡಿತು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಿತು, ಲಡಿಯ ಬದಲು ಕಾಗದದ ಕೋನುಗಳಿಗೆ ಸುತ್ತಿದ ನೂಲು ಬಂದಿತು. ಕುಂಕುಮ ಮಾತ್ರ ತಪ್ಪಲಿಲ್ಲ.

ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, ಪಕ್ಕದ ಮನೆಯಲ್ಲಿ ಎರಡು ಮಗ್ಗ ನಡೆಸುತ್ತಿದ್ದ ಹೆಂಗಸು ಒಂದು ಸೀರೆ ಹಿಡಿದು ಬಂದರು. ಕೆನೆಬಣ್ಣದ ಒಡಲು, ಕುಂಕುಮಗೆಂಪು ಅಂಚು. ಪಾಲಿಶ್‌ಗೆ ಕೊಟ್ಟಾಗ ಅಂಚಿನ ಬಣ್ಣ ಬಿಟ್ಟು ಒಡಲಿಗೆಲ್ಲ ಹರಡಿತ್ತು.

"ನೋಡಿ ಮೇಷ್ಟ್ರೇ, ಎಲೆಅಡಿಕೆ ಉಗಿದಂಗಾಗೈತೆ. ಮದುವೆ ಸೀಸನ್ನಿಗೆ ಅಂತ ಅಂಗಡಿಯವ್ರು ಹೇಳಿದ್ದ ಮಾಲು. ಬ್ಯಾರೆ ನೂಲು ಬರ್ಲಿಲ್ಲ ಅಂದ್ರೆ ಆರ್ಡರ್ರೇ ಹೋಗ್ಬಿಡ್ತದೆ."

ನೂಲು ಸೂರತ್ತಿನಿಂದ ಬಂದಿತ್ತು. ನಡುವೆ ಬೆಂಗಳೂರಿನ ಏಜೆಂಟನೊಬ್ಬ. ಫೋನು ಮಾಡಿದರೆ ಆತ ನಕ್ಕ: "ನನ್ ಹತ್ರ ಅತ್ರೆ ಏನ್ ಬಂತು ಸಾರ್? ಕಂಪನಿಗೆ ಈಮೇಲ್ ಹಾಕಿ. ಬಿಲ್ಲು, ಲಾಟ್ ನಂಬರು, ಫೋಟೋ. ಅಷ್ಟೇ."

ಅಷ್ಟೇ ಬರೆಯುವುದು ನನ್ನಿಂದಾಗಲಿಲ್ಲ. ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವನು ನಾನು. ಬಣ್ಣ ನಿಲ್ಲದ ನೂಲನ್ನು ಪರೀಕ್ಷಿಸದೆ ಮಾರುವುದು ಮೋಸವೆಂದು, ಆ ಮೋಸದ ಭಾರವನ್ನು ನೇಯುವವರ ಮೇಲೆ ಹೊರಿಸುವುದು ಶೋಷಣೆಯೆಂದು ಬರೆದೆ. ಕೆಟ್ಟ ನೂಲಿಗೆ ಬದಲಿ ನೂಲು ಕೊಡಿ, ಇಲ್ಲವೇ ಹಣ ಹಿಂತಿರುಗಿಸಿ ಎಂಬ ಮಾತು ಕೊನೆಗೆ ಬಂದಿತು. ಸೀರೆಯ ಚಿತ್ರವನ್ನೂ ಉಳಿದಿದ್ದ ಕೆಂಪು ಕೋನುಗಳ ಚಿತ್ರವನ್ನೂ ಲಗತ್ತಿಸಿದೆ.

ಉತ್ತರವೂ ಇಂಗ್ಲಿಷಿನಲ್ಲೇ ಬಂದಿತು. ಅದರ ಸಾರಾಂಶ ಇಷ್ಟು: ಚಿತ್ರದಲ್ಲಿ ಕೋನುಗಳ ಮೇಲೆ ಕೆಂಪು ಪುಡಿ ಕಾಣುತ್ತದೆ. ಇದು ಹೊರಗಿನ ವಸ್ತು. ಖರೀದಿದಾರರ ಕಡೆ ಸೇರಿಕೊಂಡ ಕಲೆಗೆ ನಾವು ಹೊಣೆಯಲ್ಲ.

ನಾನು ಓದಿ ಹೇಳಿದೆ. ಆಕೆ ಅರ್ಥವಾಗದೆ ನನ್ನ ಮುಖ ನೋಡಿದರು.

"ಹೊರಗಿನ ವಸ್ತು ಅಂದ್ರೆ?"

"ಕುಂಕುಮ, ತಾಯಿ."

"ಅಯ್ಯೋ, ಅದ್ಯಾಕೆ ಹೊರಗಿಂದಾಯ್ತದೆ? ಮನೇದೇ ಅಲ್ವಾ!"

ಎರಡನೆಯ ಈಮೇಲ್ ಬರೆದೆ. ಕುಂಕುಮ ಇಟ್ಟದ್ದು ಕೋನಿನ ನೆತ್ತಿಗೆ ಒಂದು ಬೊಟ್ಟು ಮಾತ್ರ, ಸೀರೆಯುದ್ದಕ್ಕೂ ಹರಡಿರುವುದು ನಿಮ್ಮ ಬಣ್ಣ ಎಂದು ವಿವರಿಸಿದೆ. ಈ ಬಾರಿ ಉತ್ತರ ಸ್ವಲ್ಪ ಮೆತ್ತಗಿತ್ತು. ನೇಯ್ದ ಮಾಲಿಗೆ ಯಾವ ಪರಿಹಾರವೂ ಇಲ್ಲ. ಬಳಸದ ಕೋನುಗಳನ್ನು ಲಾಟ್ ಚೀಟಿಯ ಸಮೇತ ಕಳುಹಿಸಿದರೆ ಪರೀಕ್ಷೆ ಮಾಡಿಸಿ, ದೋಷ ಕಂಡರೆ ಅಷ್ಟಕ್ಕೆ ಬದಲಿ ಕೊಡುತ್ತೇವೆ.

ನ್ಯಾಯದ ಒಂದು ಎಳೆ ಸಿಕ್ಕಿತೆಂದು ಓಡಿದೆ. ಆಕೆ ಜಗಲಿಯ ಮೇಲೆ ಕೋನುಗಳನ್ನು ಸಾಲಾಗಿ ಬಿಸಿಲಿಗಿಟ್ಟು ಕೂತಿದ್ದರು. ಪಕ್ಕದಲ್ಲಿ ನೀರಿನ ಬಕೀಟು, ಒದ್ದೆ ಬಟ್ಟೆ.

"ಕುಂಕುಮ ಇದ್ರೆ ಆಗಲ್ಲ ಅಂದ್ರಲ್ಲ ಮೇಷ್ಟ್ರೇ, ಎಲ್ಲಾನೂ ಒರೆಸ್ಬಿಟ್ಟೆ. ಒಂದೂ ಬಿಟ್ಟಿಲ್ಲ."

ಚೀಟಿಗಳು ನೆನೆದು ಕಿತ್ತುಬಂದಿದ್ದವು. ಲಾಟ್ ನಂಬರಿನ ಶಾಯಿ ಹರಡಿಹೋಗಿತ್ತು. ಒರೆಸಿದ ಬಿಳಿಯ ಬಟ್ಟೆ ಮಾತ್ರ ಕೆಂಪಾಗಿತ್ತು. ನೂಲು ಬಣ್ಣ ಬಿಡುತ್ತದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಅದರಲ್ಲಿ ಬಣ್ಣವೆಷ್ಟು, ಕುಂಕುಮವೆಷ್ಟು ಎಂದು ನಾನು ಯಾರಿಗೆ ಹೇಗೆ ತೋರಿಸಲಿ?

ಆದರೂ ಕೋನುಗಳನ್ನು ಕಳುಹಿಸಿದೆವು. ಗುರುತಿನ ಚೀಟಿಯಿಲ್ಲ, ನೀರು ತಗುಲಿದೆ ಎಂದು ಹಿಂತಿರುಗಿ ಬಂದವು. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ, ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರನ್ನೂ ಕಾನೂನು ಗ್ರಾಹಕರೆಂದೇ ಒಪ್ಪುತ್ತದೆ ಎಂದು ನಾನು ಹೇಳಿದೆ. ಆಕೆ ಬೇಡವೆಂದು ತಲೆಯಾಡಿಸಿದರು.

"ಕೇಸು ಹಾಕ್ದೋಳು ಅಂತ ಹೆಸ್ರು ಬಿದ್ರೆ, ನಾಳೆ ಯಾರು ನೂಲು ಕೊಡ್ತಾರೆ ಮೇಷ್ಟ್ರೇ? ಬಿಟ್ಬಿಡಿ."

ಮಾರುವವರ ತಪ್ಪಿಗೆ ಕೊಳ್ಳುವವರು ಹೆದರುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಅದಕ್ಕೆ ಹೆಸರಿಟ್ಟು ಕರೆದೆನಾದರೂ, ಕೇಳಿಸಿಕೊಳ್ಳಲು ಅಲ್ಲಿ ಆಕೆಯ ಹೊರತು ಯಾರೂ ಇರಲಿಲ್ಲ.

ಆರ್ಡರು ಹೋಯಿತು. ಒಂದು ಮಗ್ಗ ನಿಂತಿತು. ಇನ್ನೊಂದಕ್ಕೆ ಬೇರೆ ವ್ಯಾಪಾರಿಯಿಂದ ನೂಲಿನ ಚೀಲ ಬಂದ ದಿನ ನಾನು ಅಲ್ಲೇ ಇದ್ದೆ. ಆಕೆ ಚೀಲ ಬಿಚ್ಚಿ, ಕುಂಕುಮದ ಬಟ್ಟಲಿಗೆ ಬೆರಳಿಟ್ಟು, ಹಾಗೇ ನಿಂತರು.

"ಇಡ್ಲಾ ಮೇಷ್ಟ್ರೇ, ಬ್ಯಾಡ್ವಾ?"

ಅಮ್ಮ ಕೈಮುಗಿಯುತ್ತಿದ್ದುದು ನೆನಪಿಗೆ ಬಂದಿತು, ಸೂರತ್ತಿನ ಉತ್ತರವೂ ನೆನಪಿಗೆ ಬಂದಿತು. ಬೆರಳ ತುದಿಯ ಕುಂಕುಮವನ್ನು ಆಕೆ ತಮ್ಮ ಸೆರಗಿಗೆ ಒರೆಸಿಕೊಂಡರು.