ವರದಿಯಲ್ಲಿ ಬರೆದ ತಪ್ಪು

ಖಾನಾಪುರದ ಪ್ರೌಢಶಾಲೆಯ ಕಂಪ್ಯೂಟರ್ ಶಿಕ್ಷಕಿ ದಿಲಶಾದ ಬೆಳಗಾವಿಯಲ್ಲಿ ಶಾಲೆಯ ಆಡಳಿತ ಮಂಡಳಿಯ ಎದುರು ಕುಳಿತಿದ್ದಳು. ಶಾಲೆಯ ಸರ್ವರಿನ ಡಿಸ್ಕ್ ಕೆಟ್ಟು ಮಕ್ಕಳ ಅಂಕಗಳು ಅಳಿಸಿಹೋಗಿದ್ದವು. ಪ್ರತಿರಾತ್ರಿ ತಾನಾಗಿ ಇನ್ನೊಂದು ಪ್ರತಿ ತೆಗೆದಿಡಬೇಕಿದ್ದ ಬ್ಯಾಕಪ್ ಜೂನ್‌ನಲ್ಲೇ ನಿಂತಿತ್ತು. ಆಗ ಸರ್ವರಿನ ಪಾಸ್‌ವರ್ಡ್ ಬದಲಿಸಿದವಳು ಅವಳೇ. ಹೊಸ ಪಾಸ್‌ವರ್ಡನ್ನು ಬ್ಯಾಕಪ್‌ಗೆ ಕೊಡಲು ಮರೆತಿದ್ದಳು. ಬ್ಯಾಕಪ್ ವಿಫಲವಾಗಿದೆ ಎಂಬ ಸೂಚನೆಗಳೆಲ್ಲ ಶಾಲೆಯ ನಿವೃತ್ತ ಗುಮಾಸ್ತರೊಬ್ಬರ ಇಮೇಲಿಗೆ ಹೋಗುತ್ತಿದ್ದರಿಂದ ಯಾರೂ ನೋಡಿರಲಿಲ್ಲ. ತಪ್ಪನ್ನೆಲ್ಲ ಡಿಸ್ಕಿನ ಮೇಲೆ ಹಾಕಬಹುದಿತ್ತು. ಆದರೂ ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದಿದ್ದಳು.

ಮಂಡಳಿಯ ಅಧ್ಯಕ್ಷೆ ಪ್ರಮಿಳಾ ವರದಿ ಓದಿ ತಲೆಯೆತ್ತಿದರು. "ನೀವು ಬರೀದಿದ್ರ ನಮಗ ಗೊತ್ತಾಗ್ತಿತ್ತೇನ್ರಿ?"

"ಇಲ್ರಿ ಮೇಡಂ. ಆದ್ರ ಮತ್ತ ಹಿಂಗ ಆಗ್ತಿತ್ರಿ."

ಪ್ರಮಿಳಾ ವರದಿಯನ್ನು ಮಡಚಿಟ್ಟರು. "ಪೇಪರಿನ ಅಂಕಪಟ್ಟಿ ನೋಡಿ ಎಲ್ಲಾರೂ ಕೂಡಿ ಅಂಕ ತುಂಬ್ರಿ. ಇನ್ನ ಮ್ಯಾಲೆ ತಿಂಗಳಿಗೊಮ್ಮೆ ಬ್ಯಾಕಪ್ ತೆರದು, ಸರಿ ಐತಂತ ನನಗ ತೋರಸ್ರಿ."

ದಿಲಶಾದಳ ನೌಕರಿ ಉಳಿಯಿತು. ಆದರೆ ಅಂಕಗಳನ್ನು ಮತ್ತೆ ತುಂಬಬೇಕಾಗಿ ಬಂದದ್ದು ತನ್ನ ತಪ್ಪಿನಿಂದ ಎಂದು ಮರುದಿನ ಸಹೋದ್ಯೋಗಿಗಳಿಗೆ ಹೇಳಬೇಕಿತ್ತು. ಖಾನಾಪುರದ ಬಸ್ಸು ಹತ್ತಿ ಕುಳಿತು, ಅದನ್ನು ಹೇಗೆ ಹೇಳುವುದೆಂದು ಯೋಚಿಸತೊಡಗಿದಳು.